ಗೆಜ್ಜೆ ಚೆಂಡು ಅರ್ಧ ದಾರೀಲಿ ಯಾಕೆ ಸುಮ್ಮನಾಗ್ತಿತ್ತು

ನನ್ನ ಏಳನೇ ಕ್ಲಾಸಲ್ಲಿ 34 ಮಕ್ಕಳು. ಅದ್ರಲ್ಲಿ ಒಬ್ಬ ಹುಡುಗಿಗೆ ಏನೂ ಕಾಣಲ್ಲ, ಬೆಳಕು ಇದ್ಯೋ ಇಲ್ವೋ ಅನ್ನೋದಷ್ಟೇ ಗೊತ್ತಾಗುತ್ತೆ. ಇನ್ನೊಬ್ಬ ಹುಡುಗನಿಗೆ ನಡುವಿನ ದೃಷ್ಟಿ ಇದೆ, ಸುತ್ತಲಿಂದು ಹೋಗಿದೆ, ಪೈಪ್ ಒಳಗಿಂದ ನೋಡ್ದಂಗೆ. ಹೋದ ವರ್ಷದವರೆಗೂ ಆಟದ ಪೀರಿಯಡ್‌ನಲ್ಲಿ ಹುಡುಗಿ ಕಟ್ಟೆ ಮೇಲೆ ಕೂತು ಸ್ಕೋರ್ ಹೇಳ್ತಿದ್ಲು, ಹುಡುಗ ಚೆಂಡು ತಪ್ಪಿಸ್ಕೊಂಡು ಬೈಸ್ಕೋತಿದ್ದ. ಈ ಟರ್ಮ್‌ನಲ್ಲಿ ಎಲ್ರೂ ಒಟ್ಟಿಗೆ ಆಡೋ ಒಂದು ಆಟ ನಿಲ್ಲಿಸ್ಲೇಬೇಕು ಅಂತ ಹಠ ಹಿಡ್ದು ಸುಮಾರು 7 ವಾರ ಮಾಡಿದ ಕೆಲ್ಸ ಇದು, ಯಾವ್ದು ಕೈಕೊಡ್ತು ಯಾವ್ದು ನಿಂತ್ಕೊಳ್ತು ಅಂತ ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದನ್ನೇ ಇಲ್ಲಿ ಹಾಕ್ತಿದೀನಿ.

ಆಟದ ಮೂಲ ಗೋಲ್‌ಬಾಲ್. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳ್ಕೊಂಡು ಬಂದ ಸೈನಿಕರಿಗೋಸ್ಕರ 1946ರಲ್ಲಿ ಆಸ್ಟ್ರಿಯಾದ ಹಾನ್ಸ್ ಲೊರೆಂಜನ್ ಮತ್ತೆ ಜರ್ಮನಿಯ ಸೆಪ್ ರೈಂಡ್ಲೆ ಶುರು ಮಾಡಿದ ಆಟ, 1976ರ ಟೊರಾಂಟೊ ಪ್ಯಾರಾಲಿಂಪಿಕ್ಸಿಂದ ಪದಕದ ಆಟ. ಒಂದೊಂದು ಕಡೆ ಮೂರು ಜನ, ಎಲ್ರ ಕಣ್ಣಿಗೂ ಪಟ್ಟಿ, ಗೆಜ್ಜೆ ಇರೋ ಚೆಂಡನ್ನ ನೆಲದ ಮೇಲೆ ಉರುಳಿಸಿ ಎದುರಿನವರ ಗೋಲ್ ದಾಟಿಸ್ಬೇಕು, ಎದುರಿನವ್ರು ಮೈ ಅಡ್ಡ ಹಾಕಿ ತಡೀಬೇಕು. ಅದ್ರ ಅಸಲಿ ಅಂಕಣ 18 ಮೀಟರ್ ಉದ್ದ 9 ಮೀಟರ್ ಅಗಲ, ಚೆಂಡು 1.25 ಕೆಜಿ. ನಮ್ಮ ಮಕ್ಕಳ ಹೊಟ್ಟೆಗೆ ಅಷ್ಟು ತೂಕದ್ದು ಬಡೀಬಾರ್ದು ಅಂತ ಚೆಂಡು ನಾನೇ ಮಾಡ್ಕೊಳೋಣ, ಅಂಕಣ 9 ಕ್ಕೆ 6 ಮೀಟರ್‌ಗೆ ಇಳಿಸೋಣ ಅಂದ್ಕೊಂಡೆ.

ಶುರು ಮಾಡೋಕ್ ಮುಂಚೆ ಒಂದು ಕೆಲ್ಸ ಮಾತ್ರ ಬಿಡ್ಲಿಲ್ಲ. ಇಬ್ರ ಮನೆಯವ್ರಿಗೂ ಫೋನ್ ಮಾಡಿ, ಕಣ್ಣಿನ ಡಾಕ್ಟ್ರು ತಲೆಗೆ ಪೆಟ್ಟು ಬೀಳೋದು, ಧುಮುಕೋದು, ತಲೆಕೆಳಗಾಗೋದು ಇದ್ರಲ್ಲಿ ಯಾವ್ದನ್ನಾದ್ರೂ ಬೇಡ ಅಂದಿದಾರಾ ಅಂತ ಕೇಳ್ದೆ. ಕೆಲವು ಕಣ್ಣಿನ ತೊಂದ್ರೆಗಳಲ್ಲಿ ರೆಟಿನಾ ಕಳಚೋ ಅಪಾಯ ಇರುತ್ತೆ, ಅಂಥ ಮಗುಗೆ ಒಂದು ಡಿಕ್ಕಿ ಸಾಕು, ಉಳಿದಿರೋ ಸ್ವಲ್ಪ ದೃಷ್ಟೀನೂ ಹೋಗ್ಬಹುದು. ಇವರಿಬ್ಬರಿಗೂ ಆ ನಿರ್ಬಂಧ ಇರ್ಲಿಲ್ಲ, ಡಾಕ್ಟ್ರ ಹತ್ರ ಬರೆಸ್ಕೊಂಡು ಬಂದ್ಕೊಟ್ರು.

ಚೆಂಡು, ಮೊದಲ ಎರಡು ಸಲ

ಮೊದಲನೇ ದಿನ ಸುಲಭದ್ದು ಮಾಡ್ದೆ. ಮಾಮೂಲಿ ಫುಟ್‌ಬಾಲನ್ನ ಸರಸರ ಅನ್ನೋ ತೆಳ್ಳನೆ ಪ್ಲಾಸ್ಟಿಕ್ ಕವರ್ ಒಳಗೆ ಹಾಕಿ ಬಿಗಿಯಾಗಿ ಗಂಟು ಹಾಕ್ದೆ. ನಿಜ ಹೇಳ್ಬೇಕಂದ್ರೆ ಇದು ಚೆನ್ನಾಗೇ ಕೆಲ್ಸ ಮಾಡ್ತು, ನೆಲಕ್ಕೆ ಕವರ್ ಉಜ್ಜಿ ಉಜ್ಜಿ ಬಿಡುವಿಲ್ದೆ ಸದ್ದು ಬರುತ್ತೆ, ನಾಳೆ ಬೆಳಿಗ್ಗೆನೇ ಕ್ಲಾಸ್ ಇದೆ ಏನೂ ರೆಡಿ ಇಲ್ಲ ಅನ್ನೋರು ಕಣ್ಮುಚ್ಚಿ ಇದನ್ನ ಮಾಡ್ಬಹುದು. ಆದ್ರೆ ಕಾಲು ಗಂಟೆಗೆ ಕವರ್ ಹರಿದು ಚಿಂದಿ, ಗಂಟಿನ ಕಡೆ ಬಂದಾಗ ಚೆಂಡು ಸೊಟ್ಟಗೆ ಓಡುತ್ತೆ, ಮೈದಾನದಲ್ಲಿ ಗಾಳಿ ಬೀಸಿದ್ರಂತೂ ಚೆಂಡು ನಿಂತಲ್ಲೇ ಸರಸರ ಅಂತಿರುತ್ತೆ, ಓಡ್ತಿದ್ಯೋ ನಿಂತಿದ್ಯೋ ಗೊತ್ತಾಗಲ್ಲ.

ಎರಡನೇದು, ಒಂದು ಹಳೇ ಫುಟ್‌ಬಾಲ್‌ನ ಹೊಲಿಗೆ ಬಿಚ್ಚಿ ಚರ್ಮಕ್ಕೂ ಬ್ಲ್ಯಾಡರ್‌ಗೂ ನಡುವೆ ಗೆಜ್ಜೆ ಹಾಕಿ ಮತ್ತೆ ಹೊಲಿದೆ. ಗಾಳಿ ತುಂಬಿದ ತಕ್ಷಣ ಬ್ಲ್ಯಾಡರ್ ಉಬ್ಬಿ ಗೆಜ್ಜೆಗಳನ್ನ ಚರ್ಮಕ್ಕೆ ಒತ್ತಿ ಹಿಡ್ಕೊಳ್ತು, ಅಲ್ಲಾಡ್ಸಿದ್ರೆ ಒಂದು ಕಿಣಿ ಕೂಡ ಇಲ್ಲ. ಗಾಳಿ ಅರ್ಧ ಇಳಿಸಿದ್ರೆ ಸದ್ದು ಬರುತ್ತೆ ಆದ್ರೆ ಚೆಂಡು ಉರುಳೋದಿಲ್ಲ. ಎರಡು ಸಂಜೆ ಹೋಯ್ತು ಅಷ್ಟೆ.

ಮೂರನೇ ಚೆಂಡು, ಅಸಲಿ ಸಮಸ್ಯೆ ಸಿಕ್ಕಿದ್ದು ಇಲ್ಲೇ

ಗಾಳಿನೇ ಬೇಡದ, ಗೋಡೆ ದಪ್ಪ ಇರೋ ರಬ್ಬರ್ ಚೆಂಡು ತಗೊಂಡೆ, ಅಡ್ಡಳತೆ 22 ಸೆಂಟಿಮೀಟರ್, ಬೆರಳಲ್ಲಿ ಒತ್ತಿದ್ರೆ ಒಂಚೂರು ತಗ್ಗಿ ತಿರುಗಿ ಎದ್ದು ಬರೋವಂಥದ್ದು. ಬ್ಲೇಡಲ್ಲಿ 4 ಸೆಂಟಿಮೀಟರ್ ಸೀಳು ಹಾಕಿ ಒಳಗೆ 6 ಗೆಜ್ಜೆ ತಳ್ಳಿ, ಸೀಳಿಗೆ ಸೈಕಲ್ ಟ್ಯೂಬಿನ ಪಂಕ್ಚರ್ ಪ್ಯಾಚ್ ಹಚ್ದೆ. ಪ್ಯಾಚ್ ಹಚ್ಚೋ ಜಾಗ ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಬೆರಳಿಗೆ ಅಂಟದೇ ಇರೋವಷ್ಟು ಒಣಗಿದ್ಮೇಲೇ ಒತ್ಬೇಕು, ಆತುರ ಮಾಡಿದ್ರೆ ಎರಡನೇ ಪೀರಿಯಡ್‌ಗೇ ಬಿಟ್ಕೊಳುತ್ತೆ. ಸದ್ದು ಒಳಗೇ ಉಳ್ಕೊಂಡು ಮಂಕಾಗಿತ್ತು, ಗೋಲ್‌ಬಾಲ್ ಚೆಂಡಲ್ಲಿ 8 ತೂತು ಇರೋದು ಇದಕ್ಕೇ ಅಂತ ಹೊಳೆದು ನಾನೂ ಅಷ್ಟೇ ತೂತು ಕೊರ್ದೆ, ತಕ್ಷಣ ಸದ್ದು ಬಿಚ್ಕೊಳ್ತು. ಕೈಯಲ್ಲಿ ಅಲ್ಲಾಡ್ಸಿದ್ರೆ ಹಾಲ್‌ನ ಆ ಮೂಲೆಗೂ ಕೇಳುತ್ತೆ, ಆಯ್ತಪ್ಪಾ ಗೆದ್ದೆ ಅಂದ್ಕೊಂಡೆ.

ಮರುದಿನ ಕ್ಲಾಸಲ್ಲಿ ಆ ಹುಡುಗಿಗೆ 6 ಮೀಟರ್ ದೂರದಿಂದ 10 ಸಲ ಉರುಳಿಸ್ದೆ. ತಡೆದಿದ್ದು 2. ಪ್ರತೀ ಸಲ ಚೆಂಡು ಪಕ್ಕದಲ್ಲಿ ಹಾದು ಹೋಗೋ ಹೊತ್ತಿಗೆ ಅವಳು ಬೀಳ್ತಿದ್ಲು. ನಾನು ದಡ್ಡಿ, ಇವಳಿಗೆ ಆಟದ ಅಭ್ಯಾಸ ಇಲ್ಲ ರಿಯಾಕ್ಷನ್ ನಿಧಾನ ಅಂತ ತೀರ್ಮಾನ ಮಾಡ್ಬಿಟ್ಟಿದ್ದೆ, ಇನ್ನೂ 10 ಸಲ ಅಂತ ಹೊರಟಿದ್ದೆ. ಅವಳೇ ಹೇಳಿದ್ಲು, "ಮಿಸ್, ನೀವು ಎಸೆದಾಗ ಕೇಳುತ್ತೆ, ಆಮೇಲೆ ಚೆಂಡು ಎಲ್ಲೋ ಹೋಗ್ಬಿಡುತ್ತೆ, ನನ್ನ ಹತ್ರ ಬಂದ್ಮೇಲೆ ಮತ್ತೆ ಕೇಳುತ್ತೆ."

ಆ ಸಂಜೆ ಖಾಲಿ ಹಾಲಲ್ಲಿ ಫೋನನ್ನ ನಡು ದಾರೀಲಿ ಇಟ್ಟು ರೆಕಾರ್ಡ್ ಮಾಡ್ತಾ ನಾನೇ ಉರುಳಿಸಿ ಕೇಳ್ದೆ. ಅವಳು ಹೇಳಿದ್ದು ಅಕ್ಷರಶಃ ನಿಜ. ಕೈ ಬಿಟ್ಟಾಗ ಝಲ್ ಅನ್ನುತ್ತೆ, ಒಂದೆರಡು ಸುತ್ತು ಆದ್ಮೇಲೆ ಬರೀ ರಬ್ಬರ್ ಉರುಳೋ ಗುಂಯ್ ಸದ್ದು, ಕೊನೇಲಿ ಚೆಂಡು ನಿಧಾನ ಆದಾಗ ಮತ್ತೆ ಝಲ್ ಝಲ್. ಕಾರಣ ಯೋಚ್ನೆ ಮಾಡಿದ್ರೆ ಸರಳ. ಬಕೆಟ್ಟಲ್ಲಿ ನೀರು ತುಂಬಿ ಜೋರಾಗಿ ಬೀಸಿ ತಿರುಗ್ಸಿದ್ರೆ ತಲೆ ಮೇಲೆ ಬಂದಾಗ್ಲೂ ನೀರು ಚೆಲ್ಲಲ್ವಲ್ಲ, ಹಾಗೇ ಚೆಂಡು ಜೋರಾಗಿ ತಿರುಗ್ವಾಗ ಗೆಜ್ಜೆಗಳು ಒಳಗೋಡೆಗೆ ಅಂಟ್ಕೊಂಡು ಚೆಂಡಿನ ಜೊತೇಲೇ ಸುತ್ತುತ್ವೆ, ಗೆಜ್ಜೆ ಒಳಗಿನ ಗುಂಡೂ ಅಷ್ಟೆ, ಬೀಳೋದೇ ಇಲ್ಲ ಅಂದ್ಮೇಲೆ ಸದ್ದು ಎಲ್ಲಿಂದ. ಲೆಕ್ಕ ಹಾಕಿದ್ರೆ 11 ಸೆಂಟಿಮೀಟರ್ ತ್ರಿಜ್ಯದ ಚೆಂಡು ಸೆಕೆಂಡಿಗೆ ಸುಮಾರು 1 ಮೀಟರ್ ವೇಗ ದಾಟಿದ್ರೆ ಸಾಕು, ಗೆಜ್ಜೆ ಅಂಟ್ಕೊಳೋಕೆ ಶುರು. 1 ಮೀಟರ್ ಅಂದ್ರೆ ನಾವು ಆರಾಮಾಗಿ ನಡೆಯೋ ವೇಗ, ಏಳನೇ ಕ್ಲಾಸ್ ಮಕ್ಕಳು ಅದಕ್ಕಿಂತ ಎಷ್ಟೋ ಜೋರಾಗಿ ಉರುಳಿಸ್ತಾರೆ. ಅಂದ್ರೆ ಕೈಯಲ್ಲಿ ಅಲ್ಲಾಡ್ಸಿ ಟೆಸ್ಟ್ ಮಾಡಿದ್ದೇ ತಪ್ಪು, ಆಟದ ವೇಗದಲ್ಲಿ ಉರುಳಿಸಿ ನಡು ದಾರೀಲಿ ಕಿವಿ ಇಟ್ಟು ಕೇಳ್ಬೇಕಿತ್ತು. ಅವಳ ಕಿವಿ ಸರಿ ಇತ್ತು, ರಿಯಾಕ್ಷನ್ನೂ ಸರಿ ಇತ್ತು, ನನ್ನ ಚೆಂಡು ಅರ್ಧ ದಾರೀಲಿ ಬಾಯಿ ಮುಚ್ಕೊಳ್ತಿತ್ತು. ಮಾರನೇ ದಿನ ಅವಳಿಗೆ ಅದನ್ನೇ ಹೇಳಿ ಸಾರಿ ಕೇಳ್ದೆ.

ಪರಿಹಾರ ಏನಪ್ಪಾ ಅಂದ್ರೆ ಚೆಂಡು ನುಣ್ಣಗೆ ಉರುಳಬಾರ್ದು, ಕುಲುಕ್ತಾ ಬರ್ಬೇಕು, ಪ್ರತೀ ಕುಲುಕಿಗೂ ಗೆಜ್ಜೆ ಗೋಡೆ ಬಿಟ್ಟು ಹಾರ್ಬೇಕು. 4 ಮಿಲಿಮೀಟರ್ ದಪ್ಪದ ಹತ್ತಿ ಹಗ್ಗವನ್ನ ಚೆಂಡಿನ ಸೊಂಟದ ಸುತ್ತ ಒಂದು ಉಂಗುರದ ಹಾಗೆ ಅಂಟಿಸಿ, ಅದ್ರ ಮೇಲೆ ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿ ಎಳೆದು ಅದೇ ಸೊಲ್ಯೂಷನ್‌ನಲ್ಲಿ ಹಚ್ದೆ. ಈಗ ಉರುಳಿದ್ರೆ ಧಡ್ ಝಲ್ ಧಡ್ ಝಲ್ ಅಂತ ಒಂದೊಂದು ಸುತ್ತಿಗೆ ಎರಡೆರಡು ಸಲ ಕುಲುಕುತ್ತೆ. ಇನ್ನೊಂದು ಲಾಭ ನಾನು ಯೋಚ್ನೆ ಮಾಡೇ ಇರ್ಲಿಲ್ಲ, ಆ ಧಡ್‌ಗಳು ಎಷ್ಟು ಬೇಗ ಬೇಗ ಬರ್ತಿವೆ ಅನ್ನೋದ್ರಿಂದ ಚೆಂಡಿನ ವೇಗ ತಿಳಿಯುತ್ತೆ ಅಂತ ಹುಡುಗಿ ಹೇಳಿದ್ಲು. ಅದೇ 10 ಸಲ, ಅದೇ 6 ಮೀಟರ್, ಈ ಸಲ ತಡೆದಿದ್ದು 7.

ನಿಂತ ಚೆಂಡು ಮಾತ್ರ ಯಾವತ್ತೂ ಮೂಕವೇ, ಅದಕ್ಕೆ ಯಂತ್ರದ ಪರಿಹಾರ ಹುಡುಕ್ಲಿಲ್ಲ, ರೂಲ್ ಮಾಡ್ಕೊಂಡ್ವಿ. ಉರುಳಿಸೋನು ಮೊದ್ಲು ಎರಡು ಸಲ ಅಲ್ಲಾಡ್ಸಿ "ರೆಡಿನಾ?" ಅನ್ಬೇಕು, ಆ ಕಡೆಯಿಂದ "ಹ್ಞೂಂ" ಬಂದ್ಮೇಲೇ ಬಿಡ್ಬೇಕು. ಅಂಧರ ಕ್ರಿಕೆಟ್‌ನಲ್ಲೂ ಬೌಲರ್ ಹೀಗೇ ಕೇಳ್ಕೊಂಡೇ ಚೆಂಡು ಹಾಕೋದು.

ಗೋಲ್ ಎಲ್ಲಿದೆ ಅನ್ನೋದು

ಚೆಂಡು ಬರೋದು ಗೊತ್ತಾಯ್ತು, ಈಗ ಅವಳು ತಿರುಗಿ ಉರುಳಿಸ್ಬೇಕಲ್ಲ, ಯಾವ ಕಡೆಗೆ? ಎದುರು ಗೋಲ್ ಹಿಂದೆ ಒಂದು ಸಣ್ಣ ಪೀಝೋ ಬಜರ್ ಬ್ಯಾಟರಿಗೆ ಸಿಕ್ಕಿಸಿ ಇಟ್ಟೆ, ಪೀಂ ಅಂತ ಒಂದೇ ಸ್ವರದಲ್ಲಿ ಕೂಗೋದು. ಅವಳು ಗೋಡೆ ಕಡೆ ತಿರುಗಿ ಉರುಳಿಸಿದ್ಲು. ಕಣ್ಣಿಗೆ ಪಟ್ಟಿ ಕಟ್ಕೊಂಡ ಇತರ ಮಕ್ಕಳೂ ಒಬ್ಬೊಬ್ರು ಒಂದೊಂದು ಕಡೆ ಬೆರಳು ತೋರಿಸಿದ್ರು, ನಾನೂ ಪಟ್ಟಿ ಕಟ್ಕೊಂಡು ನೋಡ್ದೆ, ಸದ್ದು ಇಡೀ ಹಾಲಲ್ಲಿ ತುಂಬ್ಕೊಂಡಿದೆ, ದಿಕ್ಕೇ ಇಲ್ಲ.

ನಮ್ಮ ಕಿವಿ ದಿಕ್ಕು ಹಿಡಿಯೋದು ಎರಡು ರೀತೀಲಿ, ಸದ್ದು ಒಂದು ಕಿವಿಗೆ ಒಂಚೂರು ಮುಂಚೆ ತಲುಪೋದ್ರಿಂದ, ಮತ್ತೆ ತಲೆ ಅಡ್ಡ ಬಂದು ಆಚೆ ಕಿವಿಗೆ ಕಮ್ಮಿ ಆಗೋದ್ರಿಂದ. ಮೊದಲನೇದು ತಗ್ಗಿನ ಸ್ವರಕ್ಕೆ ಚೆನ್ನಾಗಿ ಕೆಲ್ಸ ಮಾಡುತ್ತೆ, ಎರಡನೇದು ಎತ್ತರದ ಸ್ವರಕ್ಕೆ. ನಡುವೆ 2000-3000 ಹರ್ಟ್ಸ್ ಸುತ್ತಮುತ್ತ ಎರಡೂ ಅರೆಬರೆ, ಈ ಸಣ್ಣ ಬಜರ್‌ಗಳು ಕೂಗೋದು ಹೆಚ್ಚಾಗಿ ಅದೇ ಜಾಗದಲ್ಲಿ. ಅದ್ರ ಮೇಲೆ ಬಿಡುವಿಲ್ದೆ ಕೂಗೋ ಒಂದೇ ಸ್ವರ ಗೋಡೆಗೆ ಹೊಡೆದು ವಾಪಸ್ ಬಂದು ತನ್ನ ಜೊತೇಲೇ ಬೆರೆತು ಹೋಗುತ್ತೆ. ಬೇಕಾಗಿದ್ದು ಎಲ್ಲಾ ಸ್ವರವೂ ಇರೋ ಕ್ಷ್ ಅನ್ನೋ ಥರದ ಸದ್ದು, ಅದೂ ತುಂಡು ತುಂಡಾಗಿ, ಯಾಕಂದ್ರೆ ಪ್ರತೀ ತುಂಡಿನ ಶುರುವಿನಲ್ಲಿ ಪ್ರತಿಧ್ವನಿಗಿಂತ ಮುಂಚೆ ಬರೋ ಮೊದಲ ಸದ್ದಿಂದಲೇ ಕಿವಿ ದಿಕ್ಕು ಹಿಡಿಯೋದು. ಲ್ಯಾಪ್‌ಟಾಪಲ್ಲಿ ಸಾಕ್ಸ್ ಅನ್ನೋ ಫ್ರೀ ಪ್ರೋಗ್ರಾಂ ಇತ್ತು, ಅದ್ರಲ್ಲಿ ಹೀಗೆ ಮಾಡ್ದೆ:

```
sox -n -r 44100 -c 1 kshh.wav synth 0.15 whitenoise vol 0.6 pad 0 0.35 repeat 599
```

ಅರ್ಧ ಸೆಕೆಂಡಿಗೊಂದು ಕ್ಷ್, ಒಟ್ಟು 5 ನಿಮಿಷ. ಅದನ್ನ ಫೋನಿಗೆ ಹಾಕಿ ಬ್ಲೂಟೂತ್ ಸ್ಪೀಕರಲ್ಲಿ ಬಿಟ್ಟು, ಸ್ಪೀಕರನ್ನ ನೆಲದಿಂದ ಎತ್ತಿ ಮಕ್ಕಳ ಎದೆ ಮಟ್ಟದ ಸ್ಟೂಲ್ ಮೇಲೆ ಇಟ್ಟು, ಹಿಂದಿನ ಗೋಡೆಗೆ ಎರಡು ಜಿಮ್ ಮ್ಯಾಟ್ ನಿಲ್ಲಿಸ್ದೆ. ಈಗ ಬಹುತೇಕ ಮಕ್ಕಳ ಬೆರಳು ಸ್ಪೀಕರ್ ಕಡೆಗೇ. ಎದುರಿಗಿದ್ಯೋ ಬೆನ್ನ ಹಿಂದೆ ಇದ್ಯೋ ಅನ್ನೋ ಗೊಂದಲ ಮಾತ್ರ ಕೆಲವರಿಗೆ ಉಳೀತು, ತಲೆ ಅಲುಗಾಡಿಸದೆ ಕೇಳಿದ್ರೆ ಅದು ಎಲ್ರಿಗೂ ಆಗುತ್ತೆ, ತಲೆಯನ್ನ ಆಚೀಚೆ ಸ್ವಲ್ಪ ತಿರುಗಿಸಿ ಕೇಳ್ರೋ ಅಂದೆ ಸರಿಹೋಯ್ತು. ಹುಡುಗಿಗೆ ಇದನ್ನ ಹೇಳ್ಕೊಡೋ ಅಗತ್ಯ ಇರ್ಲಿಲ್ಲ, ಅವಳು ಮುಂಚಿಂದ್ಲೂ ಹಾಗೇ ಕೇಳೋದು.

ಆಟ ಶುರು ಮಾಡಿದ್ರೆ ಹೊಸ ತೊಂದ್ರೆ. ಸ್ಪೀಕರ್ ಕ್ಷ್ ಕ್ಷ್ ಅಂತಿದ್ರೆ ಚೆಂಡು ಕೇಳಲ್ಲ, ಎರಡೂ ಒಂದೇ ಥರದ ಸದ್ದು. ವಾಲ್ಯೂಮ್ ಇಳಿಸಿದ್ರೆ ಗೋಲ್ ಕೇಳಲ್ಲ. ಎರಡು ದಿನ ಇದ್ರ ಜೊತೆ ಗುದ್ದಾಡಿ ಕೊನೆಗೆ ಸ್ಪೀಕರನ್ನ ಆಟದಿಂದ ತೆಗೆದು ಪ್ರಾಕ್ಟೀಸ್‌ಗೆ ಮಾತ್ರ ಇಟ್ಕೊಂಡೆ. ಆಟದಲ್ಲಿ ಅಂಧರ ಫುಟ್‌ಬಾಲ್‌ನ ಪದ್ಧತಿ ತಂದ್ವಿ, ಅಲ್ಲಿ ಪೆನಾಲ್ಟಿ ಒದೆಯೋ ಮುಂಚೆ ಗೈಡ್ ಗೋಲ್ ಕಂಬಗಳನ್ನ ಬಡಿದು ತೋರಿಸ್ತಾನಲ್ಲ, ಹಾಗೆ. ನಮ್ಮ ಗೋಲ್ ಹಿಂದೆ ನಿಂತ ಮಗು ಮರದ ತುಂಡಲ್ಲಿ ಎಡಗಂಬ ಟಕ್, ಬಲಗಂಬ ಟಕ್, ನಡುವೆ ನೆಲಕ್ಕೆ ಟಕ್ ಟಕ್, ಆಮೇಲೆ ಪೂರ್ತಿ ಮೌನ. ಮರದ ಟಕ್ ಅಂದ್ರೆ ಎಲ್ಲಾ ಸ್ವರ ಇರೋ ಚುಟುಕು ಸದ್ದು, ನಾನು ಲ್ಯಾಪ್‌ಟಾಪಲ್ಲಿ ಮಾಡಿದ್ದೂ ಅದೇ ತಾನೇ.

ಮೌನದ ವಿಷ್ಯ

ಇದನ್ನ ಬೇರೆಯಾಗೇ ಬರೀಬೇಕು. ಚೆಂಡು ಗೋಲ್ ಎರಡೂ ಸರಿ ಆದ್ಮೇಲೂ ಅಸಲಿ ಕ್ಲಾಸಲ್ಲಿ ಅವಳು 10ಕ್ಕೆ 3ಕ್ಕೆ ಇಳಿದ್ಲು, ಯಾಕಂದ್ರೆ ಸುತ್ತ ನಿಂತ ಮಕ್ಕಳು ಚೆಂಡು ಬಿಟ್ಟ ತಕ್ಷಣ "ಬಂತು ಬಂತು! ಎಡಕ್ಕೆ ಎಡಕ್ಕೆ!" ಅಂತ ಕೂಗ್ತಿದ್ರು, ಅದೂ ಪ್ರೀತಿಯಿಂದ್ಲೇ. ಅವಳಿಗೆ ಸಹಾಯ ಮಾಡ್ತಿದೀವಿ ಅಂತ್ಲೇ ಅವಳ ಕಣ್ಣಿಗೆ ಕೈ ಅಡ್ಡ ಹಿಡಿದಂಗೆ ಆಗ್ತಿತ್ತು. ಬರೀ ಸುಮ್ನಿರಿ ಅಂದ್ರೆ ಎರಡು ನಿಮಿಷ ನಡೆಯುತ್ತೆ ಅಷ್ಟೆ. ಕೆಲ್ಸ ಮಾಡಿದ್ದು ಎರಡು. ಒಂದು, ಮೂರು ಸಣ್ಣ ಅಂಕಣದಲ್ಲಿ ಒಟ್ಟಿಗೆ ಆಡ್ಸೋದು ಬಿಟ್ಟು ಹಾಲಲ್ಲಿ ಒಂದೇ ಅಂಕಣ, ಉಳಿದ ಮಕ್ಕಳು ಹೊರಗೆ ಬೇರೆ ಆಟ, 8 ನಿಮಿಷಕ್ಕೆ ಬದಲಾವಣೆ. ಎರಡು, ಚೆಂಡು ಉರುಳ್ತಿರೋವಾಗ ಯಾವ ತಂಡದ ಕಡೆಯಿಂದ ಮಾತು ಬರುತ್ತೋ ಎದುರು ತಂಡಕ್ಕೆ ಒಂದು ಪಾಯಿಂಟ್, ಗೋಲ್ ಆದ್ಮೇಲೆ ಎಷ್ಟು ಬೇಕಾದ್ರೂ ಕಿರುಚ್ಬಹುದು. ಪಾಯಿಂಟ್ ಹೋಗುತ್ತೆ ಅಂದ್ಮೇಲೆ ಒಬ್ರನ್ನೊಬ್ರು ಅವರೇ ಸುಮ್ನಿರ್ಸಿದ್ರು. ಫ್ಯಾನ್ ಕೂಡ ಆರಿಸ್ದೆ, ಅದ್ರ ಗರಗರ ಎಷ್ಟು ಸದ್ದು ತಿಂತಿತ್ತು ಅಂತ ಆರಿಸಿದ್ಮೇಲೇ ಗೊತ್ತಾಗಿದ್ದು.

ತಾನು ಎಲ್ಲಿದೀನಿ ಅನ್ನೋದು

ಗೆರೆಗಳು ಗೋಲ್‌ಬಾಲ್‌ನವ್ರು ಮಾಡೋ ಥರಾನೇ, ನೆಲದ ಮೇಲೆ ದಾರ ಎಳೆದು ಅದ್ರ ಮೇಲೆ 5 ಸೆಂಟಿಮೀಟರ್ ಅಗಲದ ಟೇಪ್ ಒತ್ತೋದು. ಮೊದ್ಲು 2 ಮಿಲಿಮೀಟರ್ ದಾರ ಹಾಕ್ದೆ, ಬೆರಳಿಗೆ ಸಿಗುತ್ತೆ, ಸ್ಪೋರ್ಟ್ಸ್ ಶೂಗೆ ಏನೂ ಸಿಗಲ್ಲ. 4 ಮಿಲಿಮೀಟರ್‌ಗೆ ಏರಿಸಿ ಒಳಗೆ ಬರಿಗಾಲಲ್ಲಿ ಆಡೋದು ಅಂತ ಮಾಡಿದ್ವಿ. ಅವಳ ಜಾಗದ ನಡುವೆ ಅಡ್ಡಕ್ಕೆ ಒಂದು ಗೇಣುದ್ದದ ತುಂಡು ಗೆರೆ ಹಾಕಿದ್ದು ತುಂಬಾ ಉಪಯೋಗಕ್ಕೆ ಬಂತು, ಬಿದ್ದು ಎದ್ದ ಮೇಲೆ ಕಾಲಲ್ಲಿ ಅದನ್ನ ಹುಡುಕಿ ಮತ್ತೆ ನೇರ ನಿಲ್ತಾಳೆ. ಮೈದಾನದಲ್ಲಿ ಟೇಪ್ ನಿಲ್ಲಲ್ಲ, ಹಗ್ಗ ಗೂಟ ಹೊಡೆದು ಎಳೆದ್ರೆ ಎಲ್ರೂ ಎಡವ್ತಾರೆ, ಅಲ್ಲಿ ಕಾಲೊರೆಸೋ ಮ್ಯಾಟ್ ಒಂದನ್ನ ಅವಳ ಜಾಗಕ್ಕೆ ಹಾಕಿದ್ವಿ, ತಕ್ಕಮಟ್ಟಿಗೆ ನಡೀತು.

ಅಂಕಣದ ಚಿತ್ರ ಅವಳ ತಲೇಲಿ ಕೂರ್ಬೇಕಲ್ಲ, ಅದಕ್ಕೆ ಒಂದು ರಟ್ಟಿನ ಮೇಲೆ ದಾರ ಅಂಟಿಸಿ ಗೆರೆ, ಆಟಗಾರರಿಗೆ ಬಟನ್. ಮೊದ್ಲು ರಟ್ಟು ಮುಟ್ಟಿ ನೋಡಿದ್ಲು, ಆಮೇಲೆ ನಿಜವಾದ ಗೆರೆ ಮೇಲೆ ಒಂದು ಸುತ್ತು ನಡೆದ್ಲು, ಮತ್ತೆ ರಟ್ಟು. ಎರಡನೇ ಸಲ ಮುಟ್ಟಿದಾಗ ಅವಳ ಬೆರಳು ಗೋಲ್ ಗೆರೆಯಿಂದ ಎದುರು ಗೋಲ್‌ಗೆ ಓರೆಯಾಗಿ ಹೋಯ್ತು. "ಇಲ್ಲಿಂದ ಹೀಗೆ ಬಿಟ್ರೆ ಇಬ್ರ ನಡುವೆ ಹೋಗುತ್ತಲ್ಲ ಮಿಸ್?" ಅಂದ್ಲು. ಅಷ್ಟು ವರ್ಷ ಕಟ್ಟೆ ಮೇಲೆ ಕೂರಿಸಿದ್ವಲ್ಲ ಅಂತ ನನಗೆ ಹೊಟ್ಟೆ ಉರೀತು.

ಮುಟ್ಟಿ ಕಲಿಸೋದು, ಗೈಡ್

ಒಂದು ಪಕ್ಕಕ್ಕೆ ಮೈ ಚಾಚಿ ತಡೆಯೋ ಭಂಗಿ ಬಾಯಲ್ಲಿ ಹೇಳಿ ಕಲಿಸೋಕೆ ಆಗಲ್ಲ. ಮೊದ್ಲು ನಾನು ಅವಳ ಕೈ ಹಿಡಿದು ಎಳೆದು ಕಾಲು ಸರಿಸಿ ಕೂರಿಸೋಕೆ ಹೋದೆ, ಅವಳ ಮೈ ಕಲ್ಲಿನ ಹಾಗೆ ಬಿಗಿಯಾಯ್ತು. ಎಲ್ಲಿಂದ ಯಾರ ಕೈ ಯಾವಾಗ ಬರುತ್ತೋ ಗೊತ್ತಿಲ್ದೆ ಇರೋ ಮಗುಗೆ ಅದು ಸಹಜ. ಆಮೇಲೆ ತಿರುವು ಮುರುವು ಮಾಡ್ದೆ, ನಾನು ಭಂಗಿಯಲ್ಲಿ ಮಲಗಿ "ಬಾ, ನನ್ನ ಭುಜದಿಂದ ಶುರು ಮಾಡಿ ಮುಟ್ಟಿ ನೋಡು" ಅಂದೆ. ಭುಜ, ಚಾಚಿದ ತೋಳು, ಹಿಂದಕ್ಕೆ ವಾಲಿಸಿದ ತಲೆ, ಒಂದರ ಮೇಲೊಂದು ಇಟ್ಟ ಕಾಲು, ಎಲ್ಲಾ ಮುಟ್ಟಿ ನೋಡಿ ತಾನೇ ಪಕ್ಕದಲ್ಲಿ ಮಲಗಿ ಹಾಗೇ ಮಾಡಿದ್ಲು. ತಲೆ ಮಾತ್ರ ಮುಂದಕ್ಕೆ ಬಂದಿತ್ತು, ಚೆಂಡು ಮುಖಕ್ಕೆ ಬಡಿಯುತ್ತೆ ಹಾಗಾದ್ರೆ, ಆಗ "ತಲೆ ಮುಟ್ಲಾ?" ಅಂತ ಕೇಳಿ ಹಿಂದಕ್ಕೆ ಸರಿಸ್ದೆ. ಕೇಳಿ ಮುಟ್ಟಿದಾಗ ಮೈ ಬಿಗಿಯಾಗ್ಲಿಲ್ಲ. ಆಟದ ನಡುವೆ ಬಳಸೋಕೆ ಎರಡೇ ಗುರುತು ಇಟ್ಕೊಂಡ್ವಿ, ಭುಜಕ್ಕೆ ಎರಡು ತಟ್ಟು ಅಂದ್ರೆ ನಿಲ್ಲು, ಬೆನ್ನ ಮೇಲೆ ಒಂದು ಗೀಟು ಎಳೆದ್ರೆ ಆ ಕಡೆ ಒಂದು ಹೆಜ್ಜೆ ಸರಿ. ನಾಲ್ಕು ಐದು ಮಾಡಿದ್ರೆ ಆಟದ ಬಿಸಿಯಲ್ಲಿ ಯಾರಿಗೂ ನೆನಪಿರಲ್ಲ.

ಗೈಡ್ ಮಕ್ಕಳು ದಿನಾ ಬದಲಾಗ್ತಾರೆ, ಒಬ್ಬಳನ್ನೇ ಹಾಕಿದ್ರೆ ಅವಳ ಆಟ ಹೋಯ್ತು, ಇವಳು ಅವಳಿಗೇ ಅಂಟ್ಕೊಂಡ್ಲು. ಮೊದಲನೇ ಗೈಡ್ ಇವಳ ಮಣಿಕಟ್ಟು ಹಿಡಿದು ಎಳ್ಕೊಂಡು ಓಡಿದ, ಇಬ್ರೂ ಬಿದ್ರು. ನಡೆಯೋವಾಗ ಇವಳು ಗೈಡ್‌ನ ಮೊಣಕೈ ಮೇಲೆ ಹಿಡ್ಕೊಳೋದು, ಗೈಡ್ ಇವಳನ್ನ ಹಿಡಿಯೋದಲ್ಲ. ಓಡೋವಾಗ ಮೆತ್ತನೆ ಬಟ್ಟೆಯ ಪಟ್ಟಿ, ಎರಡು ತುದೀಲಿ ಕುಣಿಕೆ, ಹಿಡಿದಾಗ ಇಬ್ರ ಕೈ ನಡುವೆ ಒಂದು ಗೇಣು. ಮಾತಲ್ಲಿ "ಇಲ್ಲಿ" "ಅಲ್ಲಿ" ನಿಷೇಧ, "ಬಲಕ್ಕೆ ಎರಡು ಹೆಜ್ಜೆ" ಅಂತ ಹೇಳ್ಬೇಕು. ಚೆಂಡು ಅಲ್ಲಾಡಿಸಿದ ಸದ್ದು ಕೇಳಿದ ಮೇಲೆ ಗೈಡ್ ಬಾಯಿ ಬಿಡಂಗಿಲ್ಲ, ಅಲ್ಲಿಂದ ಆಚೆ ಆಟ ಪೂರ್ತಿ ಅವಳದು.

ಹುಡುಗನ ಕಥೆ

ಇವನಿಗೆ ನಾನು ಮಾಡಿದ ಮೊದಲ ತಪ್ಪು, ಸ್ವಲ್ಪ ಕಾಣುತ್ತಲ್ಲ ಅಂತ ಎಲ್ರ ಮುಂದೆ ಚೆಂಡಿನ ಹತ್ರ ನಿಲ್ಲಿಸಿದ್ದು. ಪೈಪಲ್ಲಿ ನೋಡೋ ಕಣ್ಣಿಗೆ ಹತ್ರ ಇದ್ದಷ್ಟೂ ಕಮ್ಮಿ ಜಾಗ ಕಾಣುತ್ತೆ, ಕಾಲ ಬುಡದ ಚೆಂಡು ಕಾಣೋದೇ ಇಲ್ಲ, ಅದೇ 10 ಮೀಟರ್ ಆಚೆ ಇರೋ ಚೆಂಡು ಸ್ಪಷ್ಟ. ಬೋರ್ಡ್ ಓದ್ತಾನೆ, ಬ್ಯಾಗ್ ಎಡವಿ ಬೀಳ್ತಾನೆ, ನಾಟಕ ಮಾಡ್ತಾನೆ ಅಂತ ಮಕ್ಕಳು ಅಂತಿದ್ದಿದ್ದು ಇದಕ್ಕೇ. ಕಾಗದ ಸುತ್ತಿ ಕೊಳವೆ ಮಾಡಿ ಎಲ್ರಿಗೂ ಕಣ್ಣಿಗೆ ಹಿಡ್ಕೊಂಡು ನೋಡೋಕೆ ಹೇಳ್ದೆ, ಆ ಮಾತು ಅವತ್ತಿಗೇ ನಿಂತ್ಹೋಯ್ತು. ಅವನನ್ನ ಹಿಂದಿನ ಜಾಗಕ್ಕೆ ಹಾಕಿ, ಕಿಟಕಿ ಬೆಳಕು ಅವನ ಬೆನ್ನಿಗೆ ಬರೋ ಹಾಗೆ ಅಂಕಣವನ್ನೇ ತಿರುಗಿಸ್ದೆ, ಚೆಂಡಿಗೆ ಹಳದಿ ಬಣ್ಣ, ಯಾಕಂದ್ರೆ ನಮ್ಮ ಹಾಲ್‌ನ ನೆಲ ಕಡುಗಪ್ಪು.

ಎಲ್ರೂ ಕಣ್ಣಿಗೆ ಪಟ್ಟಿ ಕಟ್ಟೋ ಆಟದಲ್ಲಿ ಇವನು ಪಟ್ಟಿ ಬೇಡ ಅಂತ ಅತ್ಬಿಟ್ಟ. ಕತ್ಲಾದ್ರೆ ಅವನಿಗೆ ಏನೂ ಕಾಣಲ್ಲ, ಆ ಭಯ ದಿನಾ ಇರೋದೇ, ಆಟದಲ್ಲೂ ಅದನ್ನೇ ಕಟ್ಕೋ ಅಂದ್ರೆ ಹೇಗೆ. ರೂಲ್ ಒಂದೇ ಇರ್ಬೇಕು ಅಂತ ನಾನು ಹಿಡ್ಕೊಂಡಿದ್ದನ್ನ ಬಿಟ್ಟೆ, ಅವನು ಪಟ್ಟಿ ಇಲ್ದೆ ಆಡ್ತಾನೆ, ಅವನ ಬದಿಯ ಗೋಲ್ ಒಂದು ಮೀಟರ್ ಹೆಚ್ಚು ಅಗಲ. ಮಕ್ಕಳೇ ಹಾಗೆ ಲೆಕ್ಕ ಹಾಕಿದ್ರು. ಮೂರು ವಾರ ಆದ್ಮೇಲೆ ಒಂದು ದಿನ ತಾನೇ ಬಂದು ಪಟ್ಟಿ ಕೇಳ್ದ, ಎರಡು ಚೆಂಡು ಆಡಿ ತೆಗೆದ.

ಏಳನೇ ವಾರ

ಹುಡುಗಿ ಸತತ ಮೂರು ಗೋಲ್ ಹಾಕಿದ್ಲು. ಎದುರು ಕಡೆಯವ್ರು "ಮಿಸ್, ಅವಳು ಬಿಟ್ರೆ ಚೆಂಡು ಕೇಳೋದೇ ಇಲ್ಲ" ಅಂತ ದೂರು. ಚೆಂಡು ಕೆಟ್ಟಿದೆ ಅಂದ್ಕೊಂಡು ನಾನು ಉರುಳಿಸಿ ನೋಡಿದ್ರೆ ಧಡ್ ಝಲ್ ಚೆನ್ನಾಗೇ ಇದೆ. ಅವಳು ಬಿಟ್ರೆ ಬರೀ ಗುಂಯ್. ಹತ್ರ ಕೂತು ಅವಳ ಕೈ ನೋಡ್ದೆ. "ರೆಡಿನಾ?" ಅಂದ್ಮೇಲೆ ಬೆರಳಲ್ಲಿ ಚೆಂಡಿನ ಹಗ್ಗದ ಉಂಗುರ ಹುಡುಕಿ, ಅದನ್ನ ಚೆಂಡು ಓಡೋ ದಿಕ್ಕಿಗೇ ಗಾಲಿಯ ಹಾಗೆ ನೇರ ಇಟ್ಟು ಬಿಡ್ತಾಳೆ. ಆಗ ಚೆಂಡು ಹಗ್ಗದ ಮೇಲೇ ಗಾಡಿ ಚಕ್ರದಂಗೆ ಓಡುತ್ತೆ, ಒಂದು ಕುಲುಕೂ ಇಲ್ಲ, ಗೆಜ್ಜೆ ಗೋಡೆಗೆ ಅಂಟ್ಕೊಂಡು ಮೌನ. ಒಂದೇ ಉಂಗುರ ಹಾಕಿದ್ದು ನನ್ನ ತಪ್ಪು, ಅದಕ್ಕೆ ಅಡ್ಡಲಾಗಿ ಇನ್ನೊಂದು ಹಾಕಿದ್ರೆ ಹೇಗೆ ಉರುಳಿಸಿದ್ರೂ ಯಾವ್ದಾದ್ರೂ ಒಂದು ಉಂಗುರ ಕುಲುಕಿಸ್ಲೇಬೇಕು.

"ನಾಳೆ ಇನ್ನೊಂದು ಹಗ್ಗ ಹಾಕ್ತೀನಿ" ಅಂದೆ.

"ಬೇಡ ಮಿಸ್. ಅವ್ರೂ ಹುಡುಕ್ಲಿ."

ಚೆಂಡು ತಡೆಯೋಕೆ ಕಲೀತಿರೋವ್ರಿಗೆ ಸದ್ದು ಬೇಕೇ ಬೇಕು, ಅದಕ್ಕೆ ಅದೇ ಅಳತೆಯ ಇನ್ನೊಂದು ಚೆಂಡಿಗೆ ಎರಡು ಉಂಗುರ ಹಾಕಿ ಪ್ರಾಕ್ಟೀಸ್‌ಗೆ ಇಟ್ಟೆ, ಮ್ಯಾಚ್‌ಗೆ ಹಳೇದೇ. ನಿನ್ನೆ ನೋಡಿದ್ರೆ ಎದುರು ತಂಡದ ಇಬ್ರು ಕಣ್ಣಿಗೆ ಪಟ್ಟಿ ಕಟ್ಕೊಂಡು, ಚೆಂಡನ್ನ ಮಡಿಲಲ್ಲಿ ಇಟ್ಕೊಂಡು, ಹಗ್ಗ ಎಲ್ಲಿದೆ ಅಂತ ಬೆರಳಾಡಿಸ್ತಾ ಕೂತಿದ್ರು. ಹೊಸ ಚೆಂಡಿನ ಎರಡನೇ ಉಂಗುರದ ಅಂಟು ಇನ್ನೂ ಹಸಿ ಇದೆ, ಸೋಮವಾರದವರೆಗೂ ಮುಟ್ಟಬೇಡಿ ಅಂತ ಕಪಾಟಿನ ಮೇಲೆ ಇಟ್ಟಿದೀನಿ.